ಫ್ರೆಂಚ್ ಡೈರಿಯ ಮೊದಲ ಪುಟ: ಇಂಗ್ಲಿಷ್ ಬಿಟ್ಟು ಕನ್ನಡದ ದಾರಿಯಲ್ಲಿ

ಫ್ರೆಂಚ್ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ನಿಮ್ಮ ಒಂದು ಮಾಮೂಲಿ ದಿನದ ಬಗ್ಗೆ ಡೈರಿಯಲ್ಲಿ ಬರೆಯುವ ಹಾಗೆ ಬರೆದುಕೊಂಡು ಬನ್ನಿ ಎಂದು ಮೇಡಂ ಹೇಳಿದ್ದರು. ನಾನು ಬರೆದ ಮೊದಲ ವಾಕ್ಯ 'ಝ ಲೆವ್ ಆ ಸೀಜ್ ಅರ್'. ಬೆಳಗ್ಗೆ ಆರಕ್ಕೆ ಏಳುತ್ತೇನೆ ಎಂದು ಹೇಳಿದ್ದೇನೆ ಅಂದುಕೊಂಡಿದ್ದೆ. ಮೇಡಂ ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದು ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು. 'ಏನನ್ನು?'

ಆ ಪ್ರಶ್ನೆ ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾನು ಬರೆದಿದ್ದರ ಅರ್ಥ 'ನಾನು ಆರಕ್ಕೆ ಎತ್ತುತ್ತೇನೆ' ಎಂದು. ಎತ್ತುತ್ತೇನೆ ಅಂದಮೇಲೆ ಏನನ್ನು ಅಂತ ಓದುವವರು ಕೇಳಲೇಬೇಕಲ್ವಾ?

ದಿನಚರಿ ಬರೆಯುವಾಗ ಹೊಸಬರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಜಾತಿಯವು. ಪದ ಗೊತ್ತಿಲ್ಲದೆ ಆಗುವ ತಪ್ಪುಗಳಲ್ಲ. ನಾವು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಒಂದೊಂದೇ ಪದವನ್ನು ಫ್ರೆಂಚಿಗೆ ಬದಲಾಯಿಸುತ್ತೇವೆ. ಅದರಿಂದ ಆಗುವ ತಪ್ಪುಗಳು ಇವು. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡವರೂ ಹಾಗೆಯೇ ಮಾಡುತ್ತಾರೆ, ಏಕೆಂದರೆ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಆದರೆ ದಿನಚರಿಯ ವಿಷಯದಲ್ಲಿ ಕನ್ನಡವೇ ಫ್ರೆಂಚಿಗೆ ಹತ್ತಿರ. ಎಲ್ಲ ಕಡೆ ಅಲ್ಲ. ಎಲ್ಲಿ ಹತ್ತಿರ, ಎಲ್ಲಿ ದೂರ ಎಂದು ನನ್ನ ಆ ಪುಟವನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ಫ್ರೆಂಚ್ ಪದಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಡುತ್ತಿದ್ದೇನೆ. 'ಝ' ಎಂದು ಬರೆದಿರುವುದು 'ನಾನು' ಎಂಬ ಪದ. ಅದರ ಸದ್ದು ನಮ್ಮ ಝ ಅಲ್ಲ. ಶ ಎನ್ನುವಾಗ ನಾಲಿಗೆ ಇರುವ ಜಾಗದಲ್ಲೇ ಇಟ್ಟು ಗಂಟಲಿನಿಂದ ದನಿ ಕೊಟ್ಟರೆ ಬರುವ ಸದ್ದು ಅದು. ಸೊನ್ನೆ ಇರುವ ಕಡೆ ಮ್ ಎನ್ನದೆ ಮೂಗಿನಲ್ಲಿ ಉಸಿರು ಬಿಟ್ಟು ನಿಲ್ಲಿಸಿ. ಇಷ್ಟು ಸಾಕು.

ಈಗ ಆ 'ಎತ್ತುತ್ತೇನೆ'ಗೆ ಬರೋಣ. ಸರಿಯಾದ ವಾಕ್ಯ 'ಝ ಮ ಲೆವ್ ಆ ಸೀಜ್ ಅರ್'. ನಡುವೆ ಒಂದು 'ಮ' ಬಂದಿದೆ. 'ನನ್ನನ್ನು' ಎಂಬ ಅರ್ಥದ ಪುಟ್ಟ ಪದ. ಅಕ್ಷರಶಃ ಹೇಳಿದರೆ 'ನಾನು ನನ್ನನ್ನು ಎತ್ತುತ್ತೇನೆ'. ಇಂಗ್ಲಿಷಿನಲ್ಲಿ ಯೋಚಿಸಿದರೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಎದ್ದಾಗಿನಿಂದ ಮಲಗುವವರೆಗೆ ನಾವು ನಮ್ಮ ಮೈಗೆ ಮಾಡಿಕೊಳ್ಳುವ ಕೆಲಸಗಳಿಗೆಲ್ಲ ಫ್ರೆಂಚಿನಲ್ಲಿ ಈ 'ಮ' ಬೇಕು. ಅದಕ್ಕೇ ದಿನಚರಿ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಇದು ಎದುರಾಗುತ್ತದೆ.

ನಾನೀಗ ಬರೆದ ವಾಕ್ಯವನ್ನು ಇನ್ನೊಮ್ಮೆ ನೋಡಿ. ನಮ್ಮ ಮೈಗೆ 'ಮಾಡಿಕೊಳ್ಳುವ' ಕೆಲಸ. ಈ 'ಕೊಳ್ಳು' ಇದೆಯಲ್ಲ, ಅದು ಆ 'ಮ' ಮಾಡುವ ಕೆಲಸವನ್ನೇ ಮಾಡುತ್ತಿದೆ. ಅಂಗಿ ತೊಳೆದೆ, ಕೈ ತೊಳೆದುಕೊಂಡೆ. ಮಗುವಿನ ತಲೆ ಬಾಚಿದೆ, ತಲೆ ಬಾಚಿಕೊಂಡೆ. ಎರಡಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫ್ರೆಂಚಿನಲ್ಲಿ ಅಂಗಿ ತೊಳೆಯುತ್ತೇನೆ ಎನ್ನಲು 'ಝ ಲಾವ್ ಲಾ ಶಮೀಜ್'. ಕೈ ತೊಳೆದುಕೊಳ್ಳುತ್ತೇನೆ ಎನ್ನಲು 'ಝ ಮ ಲಾವ್ ಲೇ ಮೆಂ'. 'ಮ' ಬಂದಲ್ಲಿ 'ಕೊಳ್ಳು' ಬಂದಿದೆ. ಬಟ್ಟೆ ಹಾಕಿಕೊಳ್ಳುತ್ತೇನೆ 'ಝ ಮಾಬಿಯ್', ಸುಧಾರಿಸಿಕೊಳ್ಳುತ್ತೇನೆ 'ಝ ಮ ರಪೋಜ್', ಕೂತುಕೊಳ್ಳುತ್ತೇನೆ 'ಝ ಮಾಸಿಯೇ', ನೆನಪಿಸಿಕೊಳ್ಳುತ್ತೇನೆ 'ಝ ಮ ಸೂವಿಯೆಂ'. ಎಲ್ಲದರಲ್ಲೂ ಇದೆ. ಮುಂದೆ ಸ್ವರ ಬಂದಾಗ 'ಮ' ಅದರ ಜೊತೆ ಕೂಡಿಕೊಂಡು 'ಮಾ' ಆಗುತ್ತದೆ, ಅಷ್ಟೇ.

ನನ್ನ ಎರಡನೇ ತಪ್ಪು ಇಲ್ಲೇ ಇತ್ತು. ಹಲ್ಲುಜ್ಜುವ ವಾಕ್ಯವನ್ನು ನಾನು 'ಝ ಬ್ರೊಸ್ ಮೇ ದಾಂ' ಎಂದು ಬರೆದಿದ್ದೆ. ನನ್ನ ಹಲ್ಲುಗಳನ್ನು ಉಜ್ಜುತ್ತೇನೆ ಎಂದು. ಇದು ಪೂರ್ತಿ ಇಂಗ್ಲಿಷ್. ಇಂಗ್ಲಿಷಿನಲ್ಲಿ ಹಲ್ಲು ಯಾರದು ಎಂದು ಹೇಳಲೇಬೇಕು. ಕನ್ನಡದಲ್ಲಿ ಯಾರಾದರೂ 'ನಾನು ನನ್ನ ಹಲ್ಲುಗಳನ್ನು ಉಜ್ಜಿಕೊಂಡೆ' ಅಂತಾರಾ? 'ಹಲ್ಲುಜ್ಜಿಕೊಂಡೆ' ಅಂದರೆ ಮುಗಿಯಿತು. 'ಕೊಂಡೆ' ಅಂದಮೇಲೆ ಹಲ್ಲು ಪಕ್ಕದ ಮನೆಯವರದ್ದಾಗಲು ಸಾಧ್ಯವಿಲ್ಲ. ಫ್ರೆಂಚರ ಯೋಚನೆಯೂ ಹೀಗೆಯೇ ಇದೆ. 'ಝ ಮ ಬ್ರೊಸ್ ಲೇ ದಾಂ'. ಇಲ್ಲಿ 'ಲೇ' ಎಂದರೆ ಸುಮ್ನೆ 'ಆ' ಎಂಬಂಥ ಪದ, 'ನನ್ನ' ಅಲ್ಲ. ಹಲ್ಲು ಯಾರದೆಂದು 'ಮ' ಆಗಲೇ ಹೇಳಿಬಿಟ್ಟಿದೆ. ಹಾಗಾಗಿ ಮೈಯ ಭಾಗಗಳ ಹೆಸರು ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ. 'ನನ್ನ' ಎಂಬ ಪದ ಬಾಯಿಗೆ ಬರದಿದ್ದರೆ ಫ್ರೆಂಚಿನಲ್ಲೂ ಬೇಡ.

ಆದರೆ 'ಕೊಳ್ಳು' ಒಂದನ್ನೇ ನಂಬಿದರೆ ಬೇಗ ಕೈಕೊಡುತ್ತದೆ. ಮೊದಲ ವಾಕ್ಯದಲ್ಲೇ ನೋಡಿ. 'ಆರಕ್ಕೆ ಏಳುತ್ತೇನೆ'ಯಲ್ಲಿ 'ಕೊಳ್ಳು' ಎಲ್ಲಿದೆ? ಇಲ್ಲ. ಆದರೂ ಫ್ರೆಂಚಿನಲ್ಲಿ 'ಮ' ಬೇಕು. ಎಚ್ಚರವಾಗುತ್ತದೆ ಎನ್ನಲು 'ಝ ಮ ರೆವೆಯ್', ಸ್ನಾನ ಮಾಡುತ್ತೇನೆ ಎನ್ನಲು 'ಝ ಮ ದೂಶ್'. ಇವುಗಳಲ್ಲೂ 'ಕೊಳ್ಳು' ಇಲ್ಲ, 'ಮ' ಇದೆ. ಹಾಗಾದರೆ ಇವನ್ನೆಲ್ಲ ಬಾಯಿಪಾಠ ಮಾಡಬೇಕೇ? ನಾನು ಹಾಗೇ ಅಂದುಕೊಂಡಿದ್ದೆ. ಆಮೇಲೆ ಇದಕ್ಕೂ ಕನ್ನಡದಲ್ಲೇ ಒಂದು ಕೀಲಿ ಸಿಕ್ಕಿತು. ಅದು 'ಇಸು'.

ನಮ್ಮಲ್ಲಿ ಮೊದಲು 'ಮಲಗು' ಇದೆ. ಅದಕ್ಕೆ 'ಇಸು' ಸೇರಿಸಿದರೆ ಮಲಗಿಸು. ಕೂರು, ಕೂರಿಸು. ಓಡಾಡು, ಓಡಾಡಿಸು. ತಾನೇ ಮಾಡುವುದು ಮೂಲ, ಬೇರೆಯವರಿಂದ ಮಾಡಿಸುವುದು ಆಮೇಲೆ ಕಟ್ಟಿದ್ದು. ಫ್ರೆಂಚಿನಲ್ಲಿ ಈ ಕೆಲಸಗಳ ಮೂಲ ಪದವೇ 'ಇಸು' ಸೇರಿದ ಅರ್ಥದಲ್ಲಿದೆ. 'ಕೂಶೇ' ಎಂದರೆ ಮಲಗು ಅಲ್ಲ, ಮಲಗಿಸು. 'ರೆವೆಯೇ' ಎಂದರೆ ಎಬ್ಬಿಸು. 'ದೂಶೇ' ಎಂದರೆ ಸ್ನಾನ ಮಾಡಿಸು. 'ಅಬಿಯೇ' ಎಂದರೆ ಬಟ್ಟೆ ತೊಡಿಸು. 'ಪ್ರಮನೇ' ಎಂದರೆ ಓಡಾಡಿಸು, ನಾಯಿಯನ್ನು ಸಂಜೆ ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ. ಮಲಗಿಸುವುದು ಮೂಲವಾದಮೇಲೆ 'ನಾನು ಮಲಗುತ್ತೇನೆ' ಎನ್ನಲು ಅವರಿಗೆ ಉಳಿದ ದಾರಿ ಒಂದೇ. 'ನಾನು ನನ್ನನ್ನು ಮಲಗಿಸುತ್ತೇನೆ' ಎನ್ನಬೇಕು. ಅದೇ 'ಝ ಮ ಕೂಶ್'. ಕನ್ನಡ ಹೋಗುವ ದಿಕ್ಕಿಗೆ ಇದು ನೇರ ಉಲ್ಟಾ. ನಾವು ಮಾಡಿಸಲು 'ಇಸು' ಸೇರಿಸುತ್ತೇವೆ, ಅವರು ತಾವೇ ಮಾಡಲು 'ಮ' ಸೇರಿಸುತ್ತಾರೆ.

ಇದು ಜನರಿಗಷ್ಟೇ ಅಲ್ಲ, ವಸ್ತುಗಳಿಗೂ ಅನ್ವಯಿಸುತ್ತದೆ. ನನಗೆ ವಿಷಯ ಪೂರ್ತಿ ಅರ್ಥವಾಗಿದ್ದು ಬಸ್ಸಿನ ವಾಕ್ಯದಿಂದ. ಡ್ರೈವರ್ ಬಸ್ ನಿಲ್ಲಿಸುತ್ತಾನೆ ಎನ್ನಲು ಫ್ರೆಂಚಿನಲ್ಲಿ 'ಆರೆತ್' ಎಂಬ ಪದ ಸಾಕು. ಬಸ್ ನಿಲ್ಲುತ್ತದೆ ಎನ್ನಲು 'ಲ ಬ್ಯುಸ್ ಸಾರೆತ್'. ಮುಂದೆ 'ಸ' ಬಂದಿದೆ, ತನ್ನನ್ನು ಎಂಬ ಅರ್ಥದಲ್ಲಿ. ಬಸ್ಸಿಗೆ ತನ್ನನ್ನು ತಾನು ನಿಲ್ಲಿಸಿಕೊಳ್ಳುವ ಆಸೆಯೇನೂ ಇಲ್ಲ. ಮೂಲ ಪದ 'ನಿಲ್ಲಿಸು' ಆಗಿರುವುದರಿಂದ 'ನಿಲ್ಲು' ಎಂಬ ಅರ್ಥ ಪಡೆಯಲು ಭಾಷೆಗೆ ಆ 'ಸ' ಬೇಕಾಗಿದೆ. ಹೀಗೆ ನೋಡಿದರೆ 'ನನ್ನನ್ನು ಎತ್ತುತ್ತೇನೆ' ಎಂಬುದೂ ವಿಚಿತ್ರ ಅನ್ನಿಸುವುದಿಲ್ಲ.

ಈ ಕೀಲಿ ಎಲ್ಲಿ ತಿರುಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ತಿನ್ನು, ತಿನ್ನಿಸು ಎಂದು ನಮ್ಮಲ್ಲೂ ಇದೆ. ಆದರೆ 'ಮಾಂಝೇ' ಎಂಬ ಫ್ರೆಂಚ್ ಪದದ ಅರ್ಥ ನೇರವಾಗಿ ತಿನ್ನು ಎಂದೇ. ಹಾಗಾಗಿ ಅಲ್ಲಿ 'ಮ' ಬರುವುದಿಲ್ಲ. ಹೋಗು, ಬರು, ಕುಡಿ, ಓದು, ಕೆಲಸ ಮಾಡು ಇವೂ ಹಾಗೆಯೇ. ಇನ್ನೊಂದು ಕಡೆ 'ಕೊಳ್ಳು' ಇದ್ದರೂ 'ಮ' ಇಲ್ಲದ ಪದಗಳಿವೆ. ಅದರಲ್ಲಿ ದಿನಚರಿಗೆ ಬೇಕೇ ಬೇಕಾಗುವುದು 'ತೆಗೆದುಕೊ'. ಅದು ಬರೀ 'ಪ್ರಾಂದ್ರ್'. ಛತ್ರಿ ತೆಗೆದುಕೊಳ್ಳುತ್ತೇನೆ ಎನ್ನುವಾಗ 'ಝ ಪ್ರಾಂ' ಅಂದರೆ ಸಾಕು. ತಿಳಿದುಕೊ, ಕಲಿತುಕೊ ಕೂಡ ಅಷ್ಟೇ. ಆದ್ದರಿಂದ ಅನುಮಾನ ಬಂದಾಗ ನಿಘಂಟು ತೆಗೆದು ಮೂಲ ಪದದ ಅರ್ಥ ನೋಡಿ. ಅಲ್ಲಿ 'ಮಲಗಿಸು, ಎಬ್ಬಿಸು, ತೊಳೆ' ಎಂಬಂಥ, ಇನ್ನೊಬ್ಬರ ಮೇಲೋ ವಸ್ತುವಿನ ಮೇಲೋ ನಡೆಯುವ ಕೆಲಸದ ಅರ್ಥವಿದ್ದು, ನೀವು ಅದನ್ನು ನಿಮಗೇ ಮಾಡಿಕೊಳ್ಳುತ್ತಿದ್ದರೆ 'ಮ' ಹಾಕಿ.

ಮಲಗುವುದರ ಬಗ್ಗೆ ಇನ್ನೊಂದು ಮಾತು. ಇಲ್ಲಿ ಕನ್ನಡದವರಿಗೇ ಒಂದು ವಿಶೇಷ ಗುಂಡಿ ಇದೆ. ನಾವು 'ಹತ್ತಕ್ಕೆ ಮಲಗಿದೆ' ಅಂತೇವೆ, 'ಎಂಟು ಗಂಟೆ ಹೊತ್ತು ಮಲಗಿದೆ' ಅಂತಲೂ ಅಂತೇವೆ. ಮೊದಲನೆಯದು ಹಾಸಿಗೆಗೆ ಹೋದದ್ದು, ಎರಡನೆಯದು ನಿದ್ದೆ ಮಾಡಿದ್ದು. ಫ್ರೆಂಚಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಹಾಸಿಗೆಗೆ ಹೋಗುವುದು 'ಝ ಮ ಕೂಶ್', ನಿದ್ದೆ ಮಾಡುವುದು 'ಝ ದೋರ್'. ನಿದ್ದೆಗೆ 'ಮ' ಇಲ್ಲ. ಗಡಿಯಾರದ ಹೊತ್ತು ಹೇಳುತ್ತಿದ್ದರೆ ಮೊದಲನೆಯದು, ಎಷ್ಟು ಹೊತ್ತು ಎಂದು ಹೇಳುತ್ತಿದ್ದರೆ ಎರಡನೆಯದು ಎಂದು ನೆನಪಿಟ್ಟುಕೊಂಡರೆ ಡೈರಿಗೆ ಸಾಕಾಗುತ್ತದೆ.

ಸ್ನಾನಕ್ಕೂ ಎರಡು ಪದಗಳಿವೆ. 'ಝ ಮ ದೂಶ್' ಅಂದರೆ ಶವರ್ ಕೆಳಗೆ ನಿಂತು ಮಾಡುವ ಸ್ನಾನ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಡುವ ಹಾಗೆ ಬಕೆಟ್, ಚೊಂಬು ಇಟ್ಟುಕೊಂಡು ಮಾಡುವ ಸ್ನಾನಕ್ಕೆ 'ಝ ಮ ಲಾವ್', ಅಂದರೆ ಮೈ ತೊಳೆದುಕೊಳ್ಳುತ್ತೇನೆ ಎನ್ನುವುದೇ ಸರಿಯಾಗಿ ಕೂರುತ್ತದೆ.

ಡೈರಿಯಲ್ಲಿ ಮನೆಯ ಬೇರೆಯವರೂ ಬರುತ್ತಾರಲ್ಲ. ಆಗ ಆ 'ಮ' ಬದಲಾಗಬೇಕು. ಅಮ್ಮ ಏಳುತ್ತಾರೆ ಎನ್ನಲು 'ಮಾ ಮೆರ್ ಸ ಲೆವ್'. ನಾವು ಏಳುತ್ತೇವೆ ಎನ್ನಲು 'ನೂ ನೂ ಲವೋಂ'. ಎರಡು ಸಲ 'ನೂ' ನೋಡಿ ಬೆರಳು ತಪ್ಪಿತೇನೋ ಅನ್ನಿಸುತ್ತದೆ. ತಪ್ಪಿಲ್ಲ. ಮೊದಲನೆಯದು ನಾವು, ಎರಡನೆಯದು ನಮ್ಮನ್ನು. ನಿಘಂಟಿನಲ್ಲಿ ಈ ಪದಗಳೆಲ್ಲ 'ಸ' ಸೇರಿಸಿಕೊಂಡು 'ಸ ಕೂಶೇ', 'ಸ ಲವೇ' ಎಂದು ಅಚ್ಚಾಗಿರುತ್ತವೆ. ಹೊಸಬರು ಅದನ್ನು ಹಾಗೇ ಎತ್ತಿ 'ನಾನು' ಜೊತೆ ಇಟ್ಟುಬಿಡುತ್ತಾರೆ. ಅದು 'ನಾನು ತನ್ನನ್ನು ಮಲಗಿಸುತ್ತೇನೆ' ಎಂದಂತೆ ಕೇಳುತ್ತದೆ.

ಈಗ ಹೊತ್ತಿನ ವಿಷಯ. ನನ್ನ ಪುಟದಲ್ಲಿ 'ಬೆಳಗ್ಗೆ' ಎನ್ನಲು 'ದಾಂ ಲ ಮತೆಂ' ಎಂದಿತ್ತು. 'ದಾಂ' ಅಂದರೆ ಒಳಗೆ. ಬೆಳಗಿನ ಒಳಗೆ ಎಂದು ಬರೆದಿದ್ದೆ. ಇದೂ ಇಂಗ್ಲಿಷಿನಿಂದ ಬಂದದ್ದೇ. ಕನ್ನಡದಲ್ಲಿ 'ಬೆಳಗ್ಗೆ' ಅಂದರೆ ಸಾಕು, 'ಬೆಳಗಿನಲ್ಲಿ' ಅನ್ನುವುದಿಲ್ಲ. ಫ್ರೆಂಚಿನಲ್ಲೂ 'ಲ ಮತೆಂ' ಅಂದರೆ ಸಾಕು. ಸಂಜೆಗೆ 'ಲ ಸ್ವಾರ್'. ಹಿಂದೆ ಮುಂದೆ ಏನೂ ಬೇಡ.

ಆ ಪುಟ್ಟ 'ಲ' ಒಂದು ಕೆಲಸ ಮಾಡುತ್ತದೆ. ದಿನಚರಿ ಬರೆಯುವವರು ಅದನ್ನು ಗಮನಿಸಲೇಬೇಕು. 'ಲ ಮತೆಂ' ಅಂದರೆ ದಿನಾ ಬೆಳಗ್ಗೆ. 'ಸ ಮತೆಂ' ಅಂದರೆ ಇವತ್ತು ಬೆಳಗ್ಗೆ. ವಾರದ ಹೆಸರುಗಳಿಗೂ ಇದೇ ಲೆಕ್ಕ. 'ಲೆಂದಿ' ಅಂದರೆ ಈ ಸೋಮವಾರ, 'ಲ ಲೆಂದಿ' ಅಂದರೆ ಪ್ರತಿ ಸೋಮವಾರ. 'ಸೋಮವಾರ ದೇವಸ್ಥಾನಕ್ಕೆ ಹೋಗುತ್ತೇನೆ' ಎಂದು ಕನ್ನಡದಲ್ಲಿ ಹೇಳಿದರೆ ನಾಳಿದ್ದೋ ಪ್ರತಿ ವಾರವೋ ಎಂದು ಮಾತಿನ ಸಂದರ್ಭದಿಂದ ತಿಳಿಯಬೇಕು. ಫ್ರೆಂಚಿನಲ್ಲಿ ಒಂದು 'ಲ' ಅದನ್ನು ತೀರ್ಮಾನ ಮಾಡಿಬಿಡುತ್ತದೆ. ಇಲ್ಲಿ ಕನ್ನಡ ಸಹಾಯಕ್ಕೆ ಬರುವುದಿಲ್ಲ.

ಗಂಟೆ ಹೇಳುವಾಗಲೂ ಬರುವುದಿಲ್ಲ. ನಾವು 'ಆರಕ್ಕೆ' ಎಂದು ಸುಮ್ಮನಾಗುತ್ತೇವೆ, ಗಂಟೆ ಎಂಬ ಪದ ಬಿಟ್ಟುಬಿಡುತ್ತೇವೆ. ಫ್ರೆಂಚಿನಲ್ಲಿ 'ಅರ್' ಬಿಡುವ ಹಾಗಿಲ್ಲ. 'ಆ ಸೀಜ್ ಅರ್' ಎಂದು ಪೂರ್ತಿ ಬರೆಯಬೇಕು.

ನನ್ನ ಪುಟದಲ್ಲಿ ಮೇಡಂ ಅತಿ ಜಾಸ್ತಿ ಗೀಚಿದ್ದು ಮೂರನೇ ವಾಕ್ಯವನ್ನು. ಅಲ್ಲಿ ಮಾತ್ರ ನಾನು ಕನ್ನಡದಲ್ಲಿ ಯೋಚಿಸಿದ್ದೆ. ಕನ್ನಡವೂ ಎಲ್ಲಿ ತಪ್ಪು ದಾರಿಗೆ ಎಳೆಯುತ್ತದೆ ಎಂದು ತಿಳಿಯಲು ಅದು ಒಳ್ಳೆಯ ಉದಾಹರಣೆ. ನಾವು ದಿನಚರಿ ಹೇಳುವುದು ಹೀಗೆ. 'ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು ಆಫೀಸಿಗೆ ಹೊರಡುತ್ತೇನೆ'. ಐದು ಕೆಲಸ, ಆದರೆ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಉಳಿದವೆಲ್ಲ ದಾರದಲ್ಲಿ ಹೂ ಪೋಣಿಸಿದ ಹಾಗೆ ಬಂದು ಸೇರುತ್ತವೆ. ನಾನು ಇದನ್ನೇ ಫ್ರೆಂಚಿನಲ್ಲಿ ಕಟ್ಟಲು ಹೋಗಿ 'ಆಂ' ಎಂದು ಶುರುವಾಗಿ 'ಆಂ' ಎಂದು ಮುಗಿಯುವ ರೂಪ ಬಳಸಿದೆ. ಕುಡಿಯುವುದಕ್ಕೆ ಅದು 'ಆಂ ಬ್ಯುವಾಂ' ಆಗುತ್ತದೆ. ಆದರೆ ಅದರ ಅರ್ಥ ಕುಡಿದು ಎಂದಲ್ಲ, ಕುಡಿಯುತ್ತಾ ಎಂದು. ನಾನು ಬರೆದ ವಾಕ್ಯದ ಪ್ರಕಾರ ಹಲ್ಲುಜ್ಜುತ್ತಾ, ಸ್ನಾನ ಮಾಡುತ್ತಾ, ತಿಂಡಿ ತಿನ್ನುತ್ತಾ ಒಂದೇ ಹೊತ್ತಿಗೆ ಆಫೀಸಿಗೆ ಹೊರಟಿದ್ದೆ.

ಅದನ್ನು ಸರಿಮಾಡುವ ರೀತಿ ಇಷ್ಟೇ. ಕನ್ನಡದಲ್ಲಿ 'ಉತ್ತಾ' ಬರುವ ಕಡೆ ಮಾತ್ರ 'ಆಂ' ರೂಪ ಇಡಿ. ಕಾಫಿ ಕುಡಿಯುತ್ತಾ ಪೇಪರ್ ಓದುತ್ತೇನೆ ಎನ್ನುವುದಕ್ಕೆ ಅದು ಸರಿ. 'ಎದ್ದು, ಉಜ್ಜಿ, ತಿಂದು' ಬರುವ ಕಡೆ ದಾರ ಬಿಚ್ಚಿ ಒಂದೊಂದನ್ನೂ ಪೂರ್ಣ ವಾಕ್ಯ ಮಾಡಿ. ಪ್ರತಿಯೊಂದಕ್ಕೂ ಮತ್ತೆ 'ಝ' ಬರಲಿ. ಕನ್ನಡದಲ್ಲಿ ಹತ್ತು ಸಲ 'ನಾನು, ನಾನು' ಎಂದರೆ ಕಿವಿಗೆ ಒಗ್ಗುವುದಿಲ್ಲ. ಫ್ರೆಂಚಿನಲ್ಲಿ ಅದು ಯಾರ ಕಿವಿಗೂ ಬೀಳುವುದೇ ಇಲ್ಲ, ಏಕೆಂದರೆ ಅಲ್ಲಿ ಕ್ರಿಯಾಪದದ ಕೊನೆ ನೋಡಿ ಯಾರು ಎಂದು ತಿಳಿಯುವುದು ಕಷ್ಟ. 'ಏಳುತ್ತೇನೆ' ಎಂದಾಗ ನಮ್ಮ 'ಏನೆ'ಯೇ 'ನಾನು' ಎಂದು ಹೇಳಿಬಿಡುತ್ತದೆ. 'ಲೆವ್' ಎಂಬ ಸದ್ದು ನಾನು ಅಂದರೂ ಅದೇ, ನೀನು ಅಂದರೂ ಅದೇ, ಅವಳು ಅಂದರೂ ಅದೇ. ಹಾಗಾಗಿ 'ಝ' ಬಿಟ್ಟರೆ ವಾಕ್ಯಕ್ಕೆ ತಲೆಯೇ ಇರುವುದಿಲ್ಲ. ವಾಕ್ಯಗಳ ನಡುವೆ ಕೊಂಡಿ ಬೇಕಾದರೆ ನಾಲ್ಕು ಪದ ಸಾಕು. 'ದಬೋರ್' ಮೊದಲು, 'ಪ್ವಿ' ಆಮೇಲೆ, 'ಆಂಸ್ವಿತ್' ಅದಾದ ಮೇಲೆ, 'ಆಂಫೆಂ' ಕೊನೆಗೆ.

ಊಟ ತಿಂಡಿಗೆ ಬಂದರೆ ಮೊದಲು ಒಂದು ಖುಷಿಯ ವಿಷಯ. ಬೆಳಗಿನ ತಿಂಡಿಗೆ 'ಪತಿ ದೆಝನೇ' ಎನ್ನುತ್ತಾರೆ, ಮಧ್ಯಾಹ್ನದ ಊಟಕ್ಕೆ 'ದೆಝನೇ', ರಾತ್ರಿ ಊಟಕ್ಕೆ 'ದಿನೇ'. 'ದೆಝನೇ' ಪದದ ಒಳಗಿರುವುದು 'ಝನ್', ಅಂದರೆ ಉಪವಾಸ. ಉಪವಾಸ ಮುರಿಯುವುದು ಎಂದು ಮೂಲ ಅರ್ಥ. ಏಕಾದಶಿ ಮಾಡಿ ದ್ವಾದಶಿಯ ದಿನ ಪಾರಣೆ ಮಾಡುತ್ತಾರಲ್ಲ, ಹಾಗೆ. 'ದಿನೇ' ಕೂಡ ಅದೇ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಒಂದೇ ಪಾರಣೆ ಎರಡು ಊಟಗಳ ಹೆಸರಾಗಿದೆ. ಕೆನಡಾದ ಕ್ವೆಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡುಗಳಲ್ಲಿ ಫ್ರೆಂಚ್ ಮಾತಾಡುವವರು ಇವತ್ತಿಗೂ ಬೆಳಗಿನ ತಿಂಡಿಗೆ 'ದೆಝನೇ', ಮಧ್ಯಾಹ್ನಕ್ಕೆ 'ದಿನೇ', ರಾತ್ರಿಗೆ 'ಸೂಪೇ' ಎನ್ನುತ್ತಾರೆ. ಮಾಂಟ್ರಿಯಲ್‌ನಲ್ಲಿರುವ ಯಾರಾದರೂ ನಿಮ್ಮನ್ನು 'ದಿನೇ'ಗೆ ಕರೆದರೆ ಯಾವ ಹೊತ್ತಿಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

'ದೆಝನೇ', 'ದಿನೇ' ಎರಡೂ ಹೆಸರೂ ಹೌದು, ಕ್ರಿಯಾಪದವೂ ಹೌದು. 'ಝ ದೆಝನ್' ಅಂದರೆ ಊಟ ಮಾಡುತ್ತೇನೆ, ಮುಗಿಯಿತು. ಬೆಳಗಿನ ತಿಂಡಿಗೆ ಮಾತ್ರ 'ತೆಗೆದುಕೊಳ್ಳುವ' ಪದ ಬೇಕು. 'ಝ ಪ್ರಾಂ ಲ ಪತಿ ದೆಝನೇ'. ಅಲ್ಲಿ ತಿನ್ನು ಎಂಬ ಪದ ಹಾಕಿದರೆ ಅರ್ಥವಾಗುತ್ತದೆ, ಆದರೆ ಅವರು ಹಾಗೆ ಹೇಳುವುದಿಲ್ಲ.

ಕಾಫಿ ಕುಡಿಯುತ್ತೇನೆ ಎನ್ನುವಾಗ ಕನ್ನಡವೂ ಕೈಬಿಡುತ್ತದೆ, ಇಂಗ್ಲಿಷೂ ಕೈಬಿಡುತ್ತದೆ. ಎರಡರಲ್ಲೂ ಕಾಫಿ ಎಂದರೆ ಬರೀ ಕಾಫಿ. ನನ್ನ ಪುಟದಲ್ಲೂ 'ಝ ಬ್ವಾ ಕಫೇ' ಎಂದಿತ್ತು. ಫ್ರೆಂಚಿನಲ್ಲಿ ಕಾಫಿ ಎಂಬ ಹೆಸರು ಹೀಗೆ ಬರಿಗಾಲಲ್ಲಿ ನಿಲ್ಲುವುದಿಲ್ಲ. ಪ್ರಪಂಚದಲ್ಲಿರುವ ಕಾಫಿಯಲ್ಲಿ ಒಂದಿಷ್ಟನ್ನು ನೀವು ಕುಡಿಯುತ್ತಿದ್ದೀರಿ, ಅದನ್ನು ಹೇಳಬೇಕು. ಅದಕ್ಕೆ 'ದ್ಯು'. 'ಝ ಬ್ವಾ ದ್ಯು ಕಫೇ'. ಅನ್ನಕ್ಕೆ 'ದ್ಯು ರಿ', ಹಾಲಿಗೆ 'ದ್ಯು ಲೆ'. ನೀರು ಹೆಣ್ಣು ಪದ, ಸ್ವರದಿಂದ ಶುರುವಾಗುತ್ತದೆ, ಅದಕ್ಕೆ 'ದ ಲೋ'. ಇಡ್ಲಿಯನ್ನು ಎಣಿಸಬಹುದು. ಎರಡು ಎಂದು ಹೇಳಿದಮೇಲೆ 'ದ್ಯು' ಬೇಡ.

ಕುಡಿಯುವುದಿಲ್ಲ ಎಂದಾಗ 'ದ್ಯು' ಕುಗ್ಗಿ 'ದ' ಆಗುತ್ತದೆ. 'ಝ ನ ಬ್ವಾ ಪಾ ದ ಕಫೇ'. ಇಷ್ಟ ಎಂದಾಗ ಒಂದಿಷ್ಟು ಎಂಬ ಮಾತೇ ಬರುವುದಿಲ್ಲ, ಏಕೆಂದರೆ ನಿಮಗೆ ಇಷ್ಟವಾಗಿರುವುದು ಲೋಟದಲ್ಲಿರುವ ಕಾಫಿ ಮಾತ್ರ ಅಲ್ಲ, ಕಾಫಿ ಎಂಬುದೇ. ಆಗ 'ಲ' ಬರುತ್ತದೆ. 'ಝೆಮ್ ಲ ಕಫೇ'. ಈ ಮೂರು ವಾಕ್ಯ ಬಂದರೆ ಡೈರಿಯಲ್ಲಿ ಊಟದ ಭಾಗ ದಾಟಬಹುದು.

ಕೊನೆಯದು ಕಾಲ. ಡೈರಿ ಎಂದಮೇಲೆ ಇವತ್ತು ನಡೆದದ್ದನ್ನು ಬರೆಯಬೇಕಲ್ವಾ? ದಿನಾ ಏಳುತ್ತೇನೆ ಎನ್ನುವುದು ವರ್ತಮಾನ, ಇವತ್ತು ಎದ್ದೆ ಎನ್ನುವುದು ಭೂತ. ಫ್ರೆಂಚ್ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಾಗಿ ಭಾಗ ಮಾಡಿದ್ದಾರೆ. ಮೊದಲ ಮೆಟ್ಟಿಲು ಎ1ರ ಡೆಲ್ಫ್ ಪರೀಕ್ಷೆಯಲ್ಲಿ ಇಂಥ ದಿನನಿತ್ಯದ ವಿಷಯದ ಮೇಲೆ ಕನಿಷ್ಠ 40 ಪದ ಬರೆಯಲು ಹೇಳುತ್ತಾರೆ. ಅಷ್ಟಕ್ಕೆ ವರ್ತಮಾನ ಸಾಕಾಗುತ್ತದೆ. ಡೈರಿಗೆ ಮಾತ್ರ ಭೂತಕಾಲ ಬೇಕೇ ಬೇಕು.

ಮಾತಿನಲ್ಲಿ, ಡೈರಿಯಲ್ಲಿ ಬಳಸುವ ಭೂತಕಾಲ ಎರಡು ತುಂಡಿನದು. ಒಂದು ಸಹಾಯಕ ಪದ, ಒಂದು 'ತಿಂದ, ಮಲಗಿದ' ಎಂಬಂಥ ರೂಪ. ಸಹಾಯಕ್ಕೆ ಎರಡು ಪದಗಳಿವೆ, 'ಹೊಂದಿರು' ಎಂಬುದು ಒಂದು, 'ಇರು' ಎಂಬುದು ಇನ್ನೊಂದು. ಹೆಚ್ಚಿನ ಕ್ರಿಯಾಪದಗಳು ಮೊದಲನೆಯದನ್ನು ಹಿಡಿಯುತ್ತವೆ. ಊಟ ಮಾಡಿದೆ, 'ಝೇ ದೆಝನೇ'. 'ಮ' ಇರುವ ಎಲ್ಲ ಕ್ರಿಯಾಪದಗಳೂ 'ಇರು' ಹಿಡಿಯುತ್ತವೆ, ಒಂದೂ ಬಿಡದಂತೆ. ಎದ್ದೆ, 'ಝ ಮ ಸ್ವಿ ಲವೇ'. 'ಸ್ವಿ' ಅಂದರೆ ಇದ್ದೇನೆ. ಎದ್ದಿದ್ದೇನೆ ಎಂದ ಹಾಗೆ. ಹೋಗು, ಬರು, ಮನೆಗೆ ಮರಳು ಎಂಬಂಥ ಕೆಲವು ಓಡಾಟದ ಪದಗಳೂ 'ಇರು' ಕಡೆಯವು. 'ಝ ಸ್ವಿ ಅಲೇ', ಹೋದೆ.

'ಇರು' ಬಂದಾಗ ಬರವಣಿಗೆಯಲ್ಲಿ ಇನ್ನೊಂದು ಕೆಲಸವಿದೆ. ಬರೆಯುತ್ತಿರುವವಳು ಹೆಣ್ಣಾದರೆ 'ಲವೇ' ಕೊನೆಗೆ ಇನ್ನೊಂದು ಇ ಅಕ್ಷರ ಸೇರಿಸಬೇಕು. ಉಚ್ಚಾರಣೆ ಬದಲಾಗುವುದಿಲ್ಲ. 'ನಾನು ಎದ್ದೆ' ಎಂಬ ಕನ್ನಡ ವಾಕ್ಯದಿಂದ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಫ್ರೆಂಚಿನಲ್ಲಿ ಕೇಳಿದರೆ ತಿಳಿಯುವುದಿಲ್ಲ, ಓದಿದರೆ ತಿಳಿಯುತ್ತದೆ. ನಾನು ಇದನ್ನು ಕಲಿತ ಉತ್ಸಾಹದಲ್ಲಿ ಎಲ್ಲ ಕಡೆ ಇ ಹಾಕಿಕೊಂಡು ಹೋದೆ. ಹಲ್ಲುಜ್ಜಿದ ವಾಕ್ಯದಲ್ಲಿ ಮೇಡಂ ಅದನ್ನು ಹೊಡೆದು ಹಾಕಿದರು. ಎದ್ದಾಗ ಎತ್ತಿದ್ದು ನನ್ನನ್ನೇ, ಅದಕ್ಕೆ ಇ ಬೇಕು. ಹಲ್ಲುಜ್ಜುವಾಗ ಉಜ್ಜಿದ್ದು ಹಲ್ಲನ್ನು, 'ಮ' ಇರುವುದು 'ನನಗೆ' ಎಂಬ ಅರ್ಥದಲ್ಲಿ. ಅದಕ್ಕೆ ಇ ಬೇಡ. 'ಏನನ್ನು?' ಎಂಬ ಆ ಮೊದಲ ದಿನದ ಪೆನ್ಸಿಲ್ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು. ಉತ್ತರ 'ನನ್ನನ್ನು' ಎಂದಾದರೆ ಇ, ಆಮೇಲೆ ಬರುವ ಹಲ್ಲೋ ಕೈಯೋ ಆದರೆ ಇಲ್ಲ.

ತಿದ್ದಿದ ಮೇಲೆ ನನ್ನ ಪುಟ ಹೀಗಾಯಿತು. 'ಓಝೂರ್ದ್ವಿ, ಝ ಮ ಸ್ವಿ ಲವೇ ಆ ಸೀಜ್ ಅರ್. ಝ ಮ ಸ್ವಿ ಬ್ರೊಸೇ ಲೇ ದಾಂ, ಪ್ವಿ ಝ ಮ ಸ್ವಿ ದೂಶೇ. ಝೇ ಬ್ಯು ದ್ಯು ಕಫೇ. ಝ ಸ್ವಿ ಅಲೇ ಓ ಬ್ಯುರೋ ಆಂ ಬ್ಯುಸ್. ಝೇ ದೆಝನೇ ಆ ಯೂನ್ ಅರ್. ಸ ಸ್ವಾರ್, ಝ ಮ ಸ್ವಿ ರಪೋಜೇ, ಆಂಸ್ವಿತ್ ಝೇ ಫೆ ಲಾ ಕ್ವಿಜಿನ್. ಮೆಂತ್ನಾಂ, ಝ ವೇ ಮ ಕೂಶೇ.' ಇವತ್ತು ಆರಕ್ಕೆ ಎದ್ದೆ. ಹಲ್ಲುಜ್ಜಿಕೊಂಡು, ಆಮೇಲೆ ಸ್ನಾನ ಮಾಡಿದೆ. ಕಾಫಿ ಕುಡಿದೆ. ಬಸ್ಸಿನಲ್ಲಿ ಆಫೀಸಿಗೆ ಹೋದೆ. ಒಂದಕ್ಕೆ ಊಟ ಮಾಡಿದೆ. ಸಂಜೆ ಸುಧಾರಿಸಿಕೊಂಡೆ, ಅದಾದ ಮೇಲೆ ಅಡುಗೆ ಮಾಡಿದೆ. ಈಗ ಮಲಗಲು ಹೋಗುತ್ತೇನೆ.

ಆ ಕೊನೆಯ 'ಕೂಶೇ' ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಮಲಗಲು ಎಂಬ ರೂಪಕ್ಕೂ ಮಲಗಿದ ಎಂಬ ರೂಪಕ್ಕೂ ಫ್ರೆಂಚಿನಲ್ಲಿ ಸದ್ದು ಒಂದೇ, 'ಕೂಶೇ'. ಬರೆಯುವಾಗ ಮೊದಲನೆಯದರ ಕೊನೆಗೆ ಇ, ಆರ್ ಎಂಬ ಎರಡು ಅಕ್ಷರ. ಎರಡನೆಯದಕ್ಕೆ ಮೇಲೆ ಗೀಟು ಎಳೆದ ಇ. ಫ್ರಾನ್ಸಿನ ಶಾಲೆಯ ಮಕ್ಕಳೂ ಇಲ್ಲಿ ಎಡವುತ್ತಾರೆ. ಎರಡು ರೂಪಗಳೂ ಬೇರೆ ಬೇರೆಯಾಗಿ ಕೇಳಿಸುವ 'ಮಾರು' ಎಂಬ ಅರ್ಥದ ಪದವನ್ನು ಆ ಜಾಗದಲ್ಲಿ ಇಟ್ಟು ನೋಡಿ ಎಂದು ಅವರಿಗೆ ಹೇಳಿಕೊಡುತ್ತಾರೆ. 'ವಾಂದ್ರ್' ಕೂತರೆ ಇ, ಆರ್. 'ವಾಂದ್ಯು' ಕೂತರೆ ಗೀಟಿನ ಇ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಕನ್ನಡದಲ್ಲಿ 'ಮಲಗಲು' ಬೇರೆ, 'ಮಲಗಿ' ಬೇರೆ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡೆ. ಮಲಗಲು ಹೋಗುತ್ತೇನೆ. 'ಅಲು' ಕೇಳಿಸಿತು. ಇ, ಆರ್ ಬರೆದು ಪುಸ್ತಕ ಮುಚ್ಚಿದೆ.